ವಿ-ಕಟ್ ಅಕ್ಷರ ಬೆಳಿಗ್ಗೆ ಮಾಯ, ಮಧ್ಯಾಹ್ನ ಅರ್ಧಂಬರ್ಧ

ಪ್ರಶ್ನೆ: ಸಣ್ಣ ಕಣದ ಬೂದು ಕಲ್ಲಿನ ಚಪ್ಪಡಿ, ಪೂರ್ವಕ್ಕೆ ಮುಖ ಮಾಡಿ ನೇರ ನಿಲ್ಲಿಸಿದ್ದೇನೆ. ‘ಅಮ್ಮ’ ಎಂದು ಕೆತ್ತಿದ್ದೇನೆ. ಗೆರೆ ಒಳಗೆ V ಆಕಾರದ ತೋಡು, ಅಗಲ 6 ಮಿ.ಮೀ., ಆಳ 2 ಮಿ.ಮೀ. ಬೆಳಗಿನ ಬಿಸಿಲು ಬಿದ್ದರೆ ಅಕ್ಷರವೇ ಕಾಣಲ್ಲ. ಮಧ್ಯಾಹ್ನ ಅಡ್ಡಗೆರೆ ಕಾಣುತ್ತೆ, ಉದ್ದಗೆರೆ ಮಂಕು. ಒತ್ತಂತೂ ಯಾವಾಗ್ಲೂ ಮಸುಕು. ಏನು ಮಾಡಲಿ?

ಹವ್ಯಾಸಿ ಸದಸ್ಯ: ಆಳ ಕಡಿಮೆ ಆಯ್ತು, ಅಷ್ಟೇ. ಅಗಲದ ಅರ್ಧ ಆಳ ಇರಬೇಕು ಅನ್ನೋದು ನಿಯಮ. 3 ಮಿ.ಮೀ. ಮಾಡಿ, ಸರಿಹೋಗುತ್ತೆ.

ಕಲ್ಲಿನಲ್ಲಿ ಅಕ್ಷರ ಕೆತ್ತುವವರು: ಅರ್ಧ ಆಳ ಮಾಡಿದರೆ ಒಳಗಿನ ಎರಡು ಗೋಡೆಯೂ 45 ಡಿಗ್ರಿ ಇಳಿಜಾರಾಗುತ್ತವೆ. ಅದು ಒಂದು ಆಯ್ಕೆ, ನಿಯಮವಲ್ಲ. ಈಗ ನಿಮ್ಮ ಗೋಡೆಗಳ ಇಳಿಜಾರು ಸುಮಾರು 34 ಡಿಗ್ರಿ. ಕಲ್ಲಿನ ಮುಖಕ್ಕೆ ಬೆಳಕು 34 ಡಿಗ್ರಿಗಿಂತ ಕಡಿಮೆ ಕೋನದಲ್ಲಿ ಓರೆಯಾಗಿ ಬಿದ್ದರೆ ಮಾತ್ರ ಒಂದು ಗೋಡೆ ಪೂರ್ತಿ ನೆರಳಿಗೆ ಹೋಗುತ್ತದೆ. ಬೆಳಗಿನ ಸೂರ್ಯ ಪೂರ್ವದ ಕಲ್ಲಿಗೆ ಎದುರೆದುರೇ ಹೊಡೆಯುತ್ತಾನೆ, ನೆರಳು ಎಲ್ಲಿಂದ ಬರಬೇಕು? ಆಳ 5 ಮಿ.ಮೀ. ಆದರೆ ಇಳಿಜಾರು 60 ಡಿಗ್ರಿ ಹತ್ತಿರ. ಆಗ ಬಿಸಿಲು ಸ್ವಲ್ಪ ಓರೆಯಾದ ಕೂಡಲೇ ನೆರಳು ಕೂರುತ್ತದೆ. ತೀರಾ ಎದುರು ಬಿದ್ದಾಗ ಮಾತ್ರ ಮಂಕಾಗುತ್ತದೆ. ಅಷ್ಟು ಹೊತ್ತು ಒಪ್ಪಿಕೊಳ್ಳಲೇಬೇಕು.

ಮಧ್ಯಾಹ್ನದ ತೊಂದರೆ ಬೇರೆ. ಬೆಳಕು ಮೇಲಿನಿಂದ ಬರುತ್ತದೆ. ಅಡ್ಡಗೆರೆಯ ಮೇಲಿನ ಗೋಡೆ ಕೆಳಮುಖವಾಗಿರುವುದರಿಂದ ಅದು ಕಪ್ಪಾಗುತ್ತದೆ. ಉದ್ದಗೆರೆಯಲ್ಲಿ ಬೆಳಕು ಗೆರೆಯ ಉದ್ದಕ್ಕೇ ಹರಿಯುತ್ತದೆ, ಎರಡು ಗೋಡೆಗೂ ಸಮ ಪಾಲು. ಆದರೆ ಇಲ್ಲೂ ಇಳಿಜಾರು ಸಹಾಯ ಮಾಡುತ್ತೆ. 34 ಡಿಗ್ರಿಯ ಗೋಡೆಗೆ ಕಲ್ಲಿನ ಮುಖದ ಮೇಲೆ ಬೀಳುವ ಬೆಳಕಿನ ಶೇ. 83ರಷ್ಟು ಸಿಗುತ್ತದೆ, ಕಣ್ಣಿಗೆ ವ್ಯತ್ಯಾಸವೇ ಗೊತ್ತಾಗಲ್ಲ. 60 ಡಿಗ್ರಿಯಾದರೆ ಅರ್ಧ ಮಾತ್ರ. ಹಾಗಾಗಿ ನೆರಳು ಇಲ್ಲದಿದ್ದರೂ ಗೆರೆ ಗಾಢವಾಗಿ ಕಾಣುತ್ತದೆ.

ಮರಗೆಲಸದ ಸದಸ್ಯ: ನಾನು ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರದಲ್ಲಿ ತೇಗದ ಬಾಗಿಲಿಗೆ ಕೆತ್ತುತ್ತೇನೆ. ನನಗೂ ಇದೇ ಆಗಿತ್ತು. ತುದಿಯ ಕೋನ 90 ಡಿಗ್ರಿ ಇರುವ ಬಿಟ್ ತೆಗೆದು, ಇನ್ನೂ ಚೂಪಾದ 60ರದ್ದು ಹಾಕಿದೆ. ಆದರೆ ‘ಠ’ದ ಒಳಗಿನ ಪುಟ್ಟ ಗುಡ್ಡ ಕಿತ್ತುಬಂತು! ಕಲ್ಲಲ್ಲಿ ಹಾಗಾಗಲ್ವಾ?

ಕಲ್ಲಿನಲ್ಲಿ ಅಕ್ಷರ ಕೆತ್ತುವವರು: ಮರದಲ್ಲಿ ಎಳೆಗೆ ಅಡ್ಡವಾಗಿ ಉಳಿದ ಚಿಕ್ಕ ತುಂಡು ಹಾಗೇ ಹಾರುತ್ತದೆ. ಕಲ್ಲಲ್ಲೂ ಎರಡು ಗೆರೆಗಳ ನಡುವಿನ ದಿಂಡು ತೆಳುವಾದರೆ ಅಂಚು ಸಿಡಿಯುತ್ತದೆ. ಪ್ರಶ್ನೆ ಕೇಳಿದವರ ಒತ್ತಿನ ಸಮಸ್ಯೆಗೂ ಇದೇ ಮೂಲ. ಮುದ್ರಣದ ಫಾಂಟನ್ನು ಹಾಗೇ ಹಚ್ಚಿ ಕೆತ್ತಿದ್ದೀರಿ ಅನಿಸುತ್ತದೆ. ‘ಮ’ಕ್ಕೂ ಅದರ ಒತ್ತಿಗೂ ನಡುವೆ ಎಷ್ಟು ಸಂದು?

ಪ್ರಶ್ನೆ ಕೇಳಿದವರು: ಹೌದು, ಫಾಂಟೇ. ಸಂದು 3 ಮಿ.ಮೀ. ಒತ್ತಿನ ಗೆರೆ 3.5 ಇರಬಹುದು.

ಕಲ್ಲಿನಲ್ಲಿ ಅಕ್ಷರ ಕೆತ್ತುವವರು: ಅಲ್ಲೇ ಇದೆ ನೋಡಿ. ಒತ್ತನ್ನು ಚಿಕ್ಕದು ಮಾಡುವಾಗ ಗೆರೆಯೂ ಸಣ್ಣದಾಯಿತು. ಇಳಿಜಾರು ಒಂದೇ ಇಟ್ಟರೆ ಸಣ್ಣ ಗೆರೆ ಕಡಿಮೆ ಆಳಕ್ಕೇ ಮುಗಿಯುತ್ತದೆ. ನೆರಳಿನ ಪಟ್ಟಿ ಅದರ ಅರ್ಧ ಅಗಲವಷ್ಟೇ. ನಾಲ್ಕು ಹೆಜ್ಜೆ ಹಿಂದೆ ಹೋದರೆ ಕಣ್ಣು ಅದನ್ನು ಹಿಡಿಯುವುದಿಲ್ಲ. ಕೆತ್ತನೆಗೆ ಒತ್ತನ್ನು ಬೇರೆಯಾಗಿ ಬರೆದುಕೊಳ್ಳಬೇಕು. ರೂಪ ಚಿಕ್ಕದಿರಲಿ, ಗೆರೆ ಮಾತ್ರ 5 ಮಿ.ಮೀ. ಇರಲಿ. ಮೇಲಿನ ಅಕ್ಷರಕ್ಕೂ ಒತ್ತಿಗೂ ನಡುವೆ ಒಂದು ಗೆರೆಯಷ್ಟಾದರೂ, ಅಂದರೆ 6 ಮಿ.ಮೀ. ಖಾಲಿ ಕಲ್ಲು ಬೇಕು. ಆ ಬಿಸಿಲು ಬೀಳುವ ಪಟ್ಟಿ ಇಲ್ಲದಿದ್ದರೆ ಎರಡು ನೆರಳು ಸೇರಿ ಒಂದೇ ಕಪ್ಪು ಕಲೆ. ‘ಅ’ ಮತ್ತು ‘ಮ’ ನಡುವೆಯೂ ಮುದ್ರಣಕ್ಕಿಂತ ಬಿಡುವಾಗಿರಲಿ. ಅಳತೆಪಟ್ಟಿ ಬೇಡ, ಕಾಗದವನ್ನು ತಲೆಕೆಳಗು ಹಿಡಿದು ನೋಡಿ. ಓದೋಕೆ ಆಗಲ್ಲ, ಆಗ ಬಿಡುವು ಸಮ ಇದೆಯಾ ಅನ್ನೋದಷ್ಟೇ ಕಾಣುತ್ತೆ.

ಹವ್ಯಾಸಿ ಸದಸ್ಯ: ಇಷ್ಟೆಲ್ಲ ಯಾಕೆ, ಸುಮ್ನೆ ಕಪ್ಪು ಬಣ್ಣ ತುಂಬಿದರಾಯ್ತಲ್ವಾ?

ಕಲ್ಲಿನಲ್ಲಿ ಅಕ್ಷರ ಕೆತ್ತುವವರು: ರೋಮನ್ನರೂ ಕೆತ್ತಿದ ಅಕ್ಷರಕ್ಕೆ ಕೆಂಪು ಹಚ್ಚುತ್ತಿದ್ದರು, ಅದರಲ್ಲಿ ತಪ್ಪೇನಿಲ್ಲ. ಆದರೆ ಕಪ್ಪು ತುಂಬಿದರೆ ಬೆಳಗುವ ಗೋಡೆಯೂ ಹೋಗಿ ಅಕ್ಷರ ಚಪ್ಪಟೆ ಕಾಣುತ್ತದೆ. ನನಗೆ ಅದು ಹಿಡಿಸಲ್ಲ. ದಪ್ಪ ಕಣದ ಗ್ರಾನೈಟ್ ಆಗಿದ್ದರೆ ನಾನೂ ಬಣ್ಣ ಅಂತಲೇ ಹೇಳುತ್ತಿದ್ದೆ, ಅದರಲ್ಲಿ ಸಣ್ಣ ಗೆರೆಯ ಅಂಚು ನಿಲ್ಲಲ್ಲ.

ಮರಗೆಲಸದ ಸದಸ್ಯ: ನಾನು ಒಪ್ಪಲ್ಲ. ಓದುವವರಿಗೆ ದಿನಪೂರ್ತಿ ಕಾಣಬೇಕು. ಕಪ್ಪಿನ ಬದಲು ಕಲ್ಲಿಗಿಂತ ಎರಡು ಛಾಯೆ ಗಾಢವಾದ ಬೂದು ಹಚ್ಚಿದರೆ ನೆರಳೂ ಉಳಿಯುತ್ತೆ.

ಪ್ರಶ್ನೆ ಕೇಳಿದವರು: ಸರ್, ಒತ್ತನ್ನು ಈಗ ಸರಿಸೋಕಾಗಲ್ಲ. ಬೇರೆ ಗೆರೆಗಳನ್ನು 5ಕ್ಕೆ ಇಳಿಸಬಹುದಾ?

ಕಲ್ಲಿನಲ್ಲಿ ಅಕ್ಷರ ಕೆತ್ತುವವರು: ಇಳಿಸಬಹುದು. ಅಂಚು ಮುಟ್ಟದೆ ನಡುಗೆರೆಯಿಂದ ಶುರು ಮಾಡಿ, ಮೊದಲು ತಳ ಆಳ ಮಾಡಿ, ಆಮೇಲೆ ಗೋಡೆಯನ್ನು ಅಂಚಿನವರೆಗೆ ನೇರ ಮಾಡಿ. ಒತ್ತನ್ನು ಕೆಳಬದಿಗೆ ಮಾತ್ರ 4.5ರವರೆಗೆ ಅಗಲಿಸಿ. ಮೇಲಂಚಿಗೆ ಉಳಿ ತಾಗಿಸಬೇಡಿ, 3 ಮಿ.ಮೀ. ದಿಂಡು ಹೊಡೆತ ತಡೆಯಲ್ಲ. ಮೊದಲು ಉಳಿದ ತುಂಡಿನ ಮೇಲೆ ಮೂರು ಗೆರೆ ಕೆತ್ತಿ, 2, 3, 5 ಆಳಕ್ಕೆ. ಕತ್ತಲಲ್ಲಿ ಟಾರ್ಚನ್ನು ಮೇಲಿನಿಂದ, ಪಕ್ಕದಿಂದ, ಎದುರಿನಿಂದ ಹಿಡಿದು ಫೋಟೋ ಹಾಕಿ, ನೋಡೋಣ.