ಪದಚರ್ಚೆ: ‘ಘನ ಮೀಟರ್’ ಸರಿಯೋ, ‘ಮೀಟರ್ ಘನ’ ಸರಿಯೋ?

ಕೇಳಿದವರು: ಮನೆಪಾಠದ ಶಿಕ್ಷಕಿ, ತುಮಕೂರು

ಎಲ್ಲರಿಗೂ ನಮಸ್ಕಾರ. ನಾನು ಒಂಬತ್ತನೇ ಕ್ಲಾಸಿನ ಆರು ಮಕ್ಕಳಿಗೆ ಮನೆಯಲ್ಲೇ ಗಣಿತ ಹೇಳಿಕೊಡುತ್ತೇನೆ. ಕಳೆದ ವಾರ ಒಂದು ನೀರಿನ ತೊಟ್ಟಿಯ ಚಿತ್ರ ಬರೆದು ಘನಫಲ ಕೇಳಿದೆ. ಉದ್ದದ ಗೆರೆಯ ಪಕ್ಕ 1.5 ಮೀ, ಅಗಲಕ್ಕೆ 80 ಸೆಂ.ಮೀ, ಎತ್ತರಕ್ಕೆ 60 ಸೆಂ.ಮೀ ಎಂದು ಬರೆದಿದ್ದೆ. ಏಕಮಾನಗಳನ್ನು ಬೇಕಂತಲೇ ಬೆರೆಸಿದ್ದೆ.

ಇಬ್ಬರು ಮಕ್ಕಳು 7200 ಎಂದು ಉತ್ತರ ತಂದರು. ಒಬ್ಬರದು ಇನ್ನೊಬ್ಬರು ನೋಡಿ ಬರೆದಿದ್ದಾರೆ ಅಂದುಕೊಂಡೆ. ಹಾಗಿರಲಿಲ್ಲ. ಹುಡುಗ ಚಿತ್ರದಲ್ಲಿದ್ದ ಮೂರು ಸಂಖ್ಯೆಗಳನ್ನು ಹಾಗೇ ಗುಣಿಸಿದ್ದ: 1.5 × 80 × 60. ಹುಡುಗಿ ಹಾಗಲ್ಲ, ಮೊದಲು ಎಲ್ಲವನ್ನೂ ಸೆಂಟಿಮೀಟರಿಗೆ ತಂದಿದ್ದಳು. 150 × 80 × 60, ಅಂದರೆ 7,20,000. ಅಲ್ಲಿಯವರೆಗೂ ಸರಿ ಇತ್ತು. ಆಮೇಲೆ ಮೀಟರಿನಲ್ಲಿ ಹೇಳೋಣ ಅಂತ 100ರಿಂದ ಭಾಗಿಸಿ ‘7200 ಮೀಟರ್ ಘನ’ ಎಂದು ಬರೆದಿದ್ದಳು.

ಯಾಕಮ್ಮ ಅಂತ ಕೇಳಿದೆ. “ನೂರು ಸೆಂಟಿಮೀಟರಿಗೆ ಒಂದು ಮೀಟರ್ ಅಲ್ವಾ ಮಿಸ್? ಘನ ಅನ್ನೋದನ್ನ ಕೊನೆಗೆ ಹಾಕೋದು” ಅಂದಳು. ಅವಳ ಮಾತು ಕೇಳಿದ ಮೇಲೆ ತಪ್ಪು ಲೆಕ್ಕದಲ್ಲಿಲ್ಲ, ನಾನು ಕಲಿಸಿದ ಪದದಲ್ಲಿದೆ ಅನ್ನಿಸಿತು. `m³` ಅನ್ನು ನಾನು ಯಾವಾಗಲೂ ‘ಮೀಟರ್ ಘನ’ ಎಂದೇ ಓದುತ್ತೇನೆ. ನೀವೆಲ್ಲ ಹೇಗೆ ಓದುತ್ತೀರಿ? ಎರಡಕ್ಕೂ ಅರ್ಥ ಒಂದೇನಾ?

ಪುಸ್ತಕಗಳ ಕರಡು ತಿದ್ದುವವರು, ಬೆಂಗಳೂರು

ಮೇಡಂ, ಎರಡೂ ಒಂದೇ. ಬರೆಯುವಾಗ 3 ಹಿಂದೆ ಬರುತ್ತದೆ, ಅದಕ್ಕೆ ಓದುವಾಗ ‘ಘನ’ವೂ ಹಿಂದೆ ಬರುತ್ತದೆ, ಅಷ್ಟೇ. ನಾನು ತಿದ್ದಿದ ಪುಸ್ತಕಗಳಲ್ಲಿ ‘ಘ.ಮೀ.’ ಅಂತಲೂ ಇದೆ, ‘ಮೀ³’ ಅಂತಲೂ ಇದೆ. ಒಂದು ಪುಸ್ತಕದೊಳಗೆ ಎರಡನ್ನೂ ಬೆರೆಸದಿದ್ದರೆ ಸಾಕು. ಹುಡುಗಿಯ ತಪ್ಪು ಬೇರೆ ಕಡೆ ಇದೆ. ಅವಳು 100ರ ಬದಲು 1000ದಿಂದ ಭಾಗಿಸಬೇಕಿತ್ತು. ಆಗ 720 ಬರುತ್ತದೆ, ಅದೇ ಸರಿ ಉತ್ತರ.

ನಿವೃತ್ತ ಗಣಿತ ಮೇಷ್ಟ್ರು, ಹಾಸನ

ಬೆಂಗಳೂರಿನ ಗೆಳೆಯರು 720 ಎಂದದ್ದು ಸರಿ. ಆದರೆ ಅದು ಲೀಟರ್, ಘನ ಮೀಟರ್ ಅಲ್ಲ. ಸಾವಿರ ಘನ ಸೆಂಟಿಮೀಟರ್ ಸೇರಿದರೆ ಒಂದು ಲೀಟರ್. ಘನ ಮೀಟರ್ ಬೇಕಾದರೆ ಹತ್ತು ಲಕ್ಷದಿಂದ ಭಾಗಿಸಬೇಕು. ಆಗ ಬರುವುದು 0.72.

ಎರಡು ಪದಗಳೂ ಒಂದೇ ಅನ್ನುವುದನ್ನು ನಾನು ಒಪ್ಪುವುದಿಲ್ಲ. ‘ಹತ್ತು ಘನ ಸೆಂಟಿಮೀಟರ್’ ಅಂದರೆ ಒಂದು ಸೆಂಟಿಮೀಟರ್ ಬದಿಯ ಹತ್ತು ಪುಟ್ಟ ಘನಗಳು. ಎರಡು ಟೀ ಚಮಚದಷ್ಟು ಔಷಧಿ. ‘ಹತ್ತು ಸೆಂಟಿಮೀಟರ್ ಘನ’ ಅಂದಾಗ ನನ್ನ ಕಣ್ಣ ಮುಂದೆ ಬರುವುದು ಹತ್ತು ಸೆಂಟಿಮೀಟರ್ ಬದಿಯ ಒಂದೇ ಒಂದು ಡಬ್ಬಿ. ಅದರಲ್ಲಿ ಪೂರ್ತಿ ಒಂದು ಲೀಟರ್ ಹಿಡಿಯುತ್ತದೆ. ಪದದ ಜಾಗ ಬದಲಾಗಿದ್ದಕ್ಕೆ ನೂರು ಪಟ್ಟು ವ್ಯತ್ಯಾಸ ಬಂತು, ನೋಡಿ.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ‘ಘನ ಮೀಟರ್’ ಅಂದಾಗ ಅದೊಂದು ವಸ್ತು, ಮೂರು ಕಡೆಗೂ ಒಂದೊಂದು ಮೀಟರ್ ಇರುವ ಪೆಟ್ಟಿಗೆ. ಅದರಲ್ಲಿ ಪುಟ್ಟ ಘನಗಳನ್ನು ಜೋಡಿಸಿದರೆ ಉದ್ದಕ್ಕೆ 100, ಅಗಲಕ್ಕೆ 100, ಎತ್ತರಕ್ಕೆ 100 ಕೂರುತ್ತವೆ. ಹತ್ತು ಲಕ್ಷ ಎಲ್ಲಿಂದ ಬಂತು ಅಂತ ಮಗುವಿಗೆ ಕಾಣುತ್ತದೆ. ‘ಮೀಟರ್ ಘನ’ದಲ್ಲಿ ಘನ ಬರೀ ಬಾಲ. ನಿಮ್ಮ ಹುಡುಗಿ ಹೇಳಿದ್ದೂ ಅದನ್ನೇ.

ಘನ ಪದಕ್ಕೆ ಎರಡು ಅರ್ಥ ಇರುವುದು ಹೊಸದಲ್ಲ. ಆರ್ಯಭಟ 499ರ ಸುಮಾರಿಗೆ ಬರೆದ ಆರ್ಯಭಟೀಯದ ಗಣಿತಪಾದದಲ್ಲೇ ಎರಡೂ ಇವೆ. ಸಮವಾದ ಮೂರನ್ನು ಗುಣಿಸಿದರೆ ಘನ, ಹನ್ನೆರಡು ಅಂಚುಗಳ ಆಕೃತಿಯೂ ಘನ. ಸಂಖ್ಯೆಯನ್ನೂ ಪೆಟ್ಟಿಗೆಯನ್ನೂ ಒಂದೇ ಹೆಸರಿನಿಂದ ಕರೆಯುವುದು ನಮಗೆ ಸಿಕ್ಕ ಅನುಕೂಲ. ಅದನ್ನು ಬಳಸಿಕೊಳ್ಳೋಣ.

ಅಂದ ಹಾಗೆ, ಆ ಹುಡುಗನ 7200ಕ್ಕೆ ಯಾವ ಹೆಸರೂ ಇಲ್ಲ. ಮೀಟರ್, ಸೆಂಟಿಮೀಟರ್, ಸೆಂಟಿಮೀಟರ್ ಗುಣಿಸಿದರೆ ಘನವೇ ಆಗುವುದಿಲ್ಲ. ಅದು ಉದ್ದನೆಯ ಕಡ್ಡಿಯಂಥ ಒಂದು ತುಂಡಿನ ಅಳತೆ. ಅವನು ಬರೆದದ್ದನ್ನು ಘನ ಸೆಂಟಿಮೀಟರ್ ಎಂದು ಓದಿದರೆ ತೊಟ್ಟಿಗೆ ಬರೀ 7.2 ಲೀಟರ್, ಅರ್ಧ ಬಕೆಟ್. ಹುಡುಗಿಯದನ್ನು ಹಾಗೇ ನಂಬಿದರೆ 72 ಲಕ್ಷ ಲೀಟರ್. ಎರಡನ್ನೂ ಅವರಿಂದಲೇ ಲೀಟರಿಗೆ ತಿರುಗಿಸಿ ಓದಿಸಿ.

ಮನೆ ಕಟ್ಟಿಸುವ ಕಂಟ್ರಾಕ್ಟರ್, ದಾವಣಗೆರೆ

ನಮ್ಮಲ್ಲಿ ಚದರ ಅಂದ್ರೆ ನೂರು ಚದರ ಅಡಿ ರೀ. ‘ಹತ್ತು ಚದರದ ಮನೆ’ ಅಂದ್ರೆ ಸಾವಿರ ಚದರ ಅಡಿ. ಅದಕ್ಕೇ ‘ಚದರ’ ಅಂತ ಮಾತ್ರ ಬರೆದು ಬಿಡಬ್ಯಾಡ್ರಿ, ಜಗಳ ಬರ್ತದ.

ನಿಮ್ಮ ತೊಟ್ಟಿಗೆ ಒಳಗಡೆ ಪ್ಲಾಸ್ಟರಿಂಗ್ ಮಾಡಬೇಕಂದ್ರೆ ನಾನು ಹಿಂಗ ಲೆಕ್ಕ ಹಾಕ್ತೀನಿ. ತಳ 150 × 80, ಅಂದ್ರೆ 12,000. ನಾಲ್ಕು ಗೋಡೆ ಸುತ್ತಳತೆ 460, ಎತ್ತರ 60, ಅಂದ್ರೆ 27,600. ಒಟ್ಟು 39,600 ಚದರ ಸೆಂಟಿಮೀಟರ್. ಮೇಲೆ ಮುಚ್ಚಳ ಇಲ್ಲ, ಹಾಗಾಗಿ ಅದನ್ನ ಸೇರಿಸಲ್ಲ. ಚದರ ಮೀಟರಿಗೆ 10,000ದಿಂದ ಭಾಗಿಸ್ರಿ, 3.96 ಆಗ್ತದ. ಸುಮಾರು 43 ಚದರ ಅಡಿ.

ತುಮಕೂರಿನಿಂದ ಮತ್ತೆ

ದಾವಣಗೆರೆಯ ಅಣ್ಣ, ನಾನು ಘನಫಲದ ಪದ ಕೇಳಿದ್ದೆ, ನೀವು ವಿಸ್ತೀರ್ಣ ಹೇಳಿದಿರಿ. ಆದರೂ ಒಳ್ಳೆಯದೇ ಆಯಿತು. ‘ಪೂರ್ಣ ಮೇಲ್ಮೈ ವಿಸ್ತೀರ್ಣ’ ಕೇಳಿದಾಗ ಒಬ್ಬ ಹುಡುಗ ಬರೀ ಮೇಲಿನ ಮುಖವನ್ನು ಲೆಕ್ಕ ಹಾಕಿದ್ದ. ಮೇಲ್ಮೈ ಅಂದರೆ ಮೇಲುಗಡೆ ಅಂತ ಅವನಿಗೆ ಕೇಳಿಸಿದೆ. ಈಗ ‘ಪ್ಲಾಸ್ಟರಿಂಗ್ ಎಲ್ಲೆಲ್ಲಿ ಬೀಳುತ್ತೆ?’ ಅಂತ ಕೇಳುತ್ತೇನೆ.

ಮೇಷ್ಟ್ರೇ, ನೀವು ಹೇಳಿದ ಹಾಗೆ ‘ಘನ ಮೀಟರ್’ ಅಂತಲೇ ಓದಿಸಿ ನಿನ್ನೆ ಒಂದು ಡ್ರಮ್ಮಿನ ಚಿತ್ರ ಕೊಟ್ಟೆ. ಬಾಯಿಯ ಮೇಲೆ ಈ ಅಂಚಿನಿಂದ ಆ ಅಂಚಿಗೆ ಬಾಣ ಎಳೆದು 70 ಸೆಂ.ಮೀ, ಪಕ್ಕದಲ್ಲಿ ಎತ್ತರ 1 ಮೀ. ಆ ಹುಡುಗಿಯೇ ಮೊದಲು ಮುಗಿಸಿದಳು. 22/7 × 35 × 35 × 100, ಅಂದರೆ 3,85,000 ಘನ ಸೆಂಟಿಮೀಟರ್, 385 ಲೀಟರ್, 0.385 ಘನ ಮೀಟರ್. ಹುಡುಗ ಏಕಮಾನವನ್ನು ಸರಿಯಾಗಿ ಬದಲಿಸಿದ, ಆದರೆ 70ನ್ನೇ ತ್ರಿಜ್ಯ ಅಂದುಕೊಂಡು 1540 ಲೀಟರ್ ತಂದ. “ಮನೆ ಮೇಲಿನ ಸಿಂಟೆಕ್ಸೇ ಸಾವಿರ ಲೀಟರ್, ಈ ಡ್ರಮ್ಮು ಅದಕ್ಕಿಂತ ದೊಡ್ಡದಾ?” ಅಂತ ತಾನೇ ಕೇಳಿಕೊಂಡು ಬಾಣದ ತುದಿಗಳನ್ನು ಮತ್ತೆ ನೋಡಿದ.

ವಿಜ್ಞಾನ ಶಿಕ್ಷಕಿ, ಮೈಸೂರು

ಅಕ್ಕ, ನನ್ನ ತರಗತಿಯಲ್ಲಿ ಇನ್ನೊಂದು ತೊಡಕಿದೆ. ವಿಜ್ಞಾನದಲ್ಲಿ ನಾವು ‘ಗಾತ್ರ’ ಅನ್ನುತ್ತೇವೆ, ಗಣಿತದಲ್ಲಿ ನೀವು ‘ಘನಫಲ’ ಅನ್ನುತ್ತೀರಿ. ಘನ, ದ್ರವ, ಅನಿಲ ಪಾಠ ಆದ ಮಾರನೇ ದಿನ ಒಂದು ಮಗು “ನೀರು ದ್ರವ ಅಲ್ವಾ, ಅದಕ್ಕೆ ಘನಫಲ ಹೇಗೆ ಇರುತ್ತೆ?” ಅಂತ ಕೇಳಿತು. ನನಗೆ ‘ಗಾತ್ರ’ವೇ ಮೇಲು ಅನ್ನಿಸುತ್ತದೆ.

ಹಾಸನದ ಮೇಷ್ಟ್ರು

‘ಗಾತ್ರ’ ಅಂದರೆ ಮಕ್ಕಳು ದಪ್ಪ ಎಂದು ತಿಳಿಯುತ್ತಾರಮ್ಮ. ‘ಮರದ ಗಾತ್ರ’ ಅಂದಾಗ ಸುತ್ತಳತೆಯನ್ನು ಹೇಳುವವರೂ ಇದ್ದಾರೆ. ಆದರೆ ಆ ಮಗುವಿನ ಪ್ರಶ್ನೆಗೆ ನನ್ನ ಹತ್ತಿರವೂ ಒಂದೇ ಸಾಲಿನ ಉತ್ತರ ಇಲ್ಲ. ನೀವು ಏನು ಹೇಳಿದಿರಿ?

ಮೈಸೂರಿನಿಂದ

‘ಎಷ್ಟು ಜಾಗ ಹಿಡಿಯುತ್ತೆ’ ಅಂತ ಹೇಳಿದೆ ಸಾರ್. ಪರೀಕ್ಷೆಯಲ್ಲಿ ಹಾಗೆ ಬರೆಯಬಹುದಾ ಅಂತ ಕೇಳಿತು.