ಸಹಾಯ ಬೇಕು: ಹೈಡ್ರೇಂಜಿಯ ಗಿಡದ ಚೀಟಿಯ ಅನುವಾದ

ನರ್ಸರಿಯ ಹೈಡ್ರೇಂಜಿಯ ಕುಂಡದಲ್ಲಿದ್ದ ಇಂಗ್ಲಿಷ್ ಚೀಟಿಯ ಫೋಟೊ ಹಾಕಿದ್ದೇನೆ. ಅಮ್ಮನಿಗಾಗಿ ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ದಯವಿಟ್ಟು ತಿದ್ದಿಕೊಡಿ.

‘ಫುಲ್ ಸನ್ ಟು ಪಾರ್ಟ್ ಶೇಡ್’ ಎಂದಿದೆ. ಫುಲ್ ಸನ್ ಎಂದರೆ ದಿನಕ್ಕೆ ಕನಿಷ್ಠ 6 ಗಂಟೆ ನೇರ ಬಿಸಿಲು. ತಂಪು ಸೀಮೆಯಲ್ಲಿ ಅದು ಸರಿ. ಉರಿಬಿಸಿಲಿನ ಊರಿನಲ್ಲಿ ಇದರ ಅಗಲ ಎಲೆಗಳ ಅಂಚು ಕಂದಿ ಸುಟ್ಟುಹೋಗುತ್ತದೆ. ಆದ್ದರಿಂದ ‘ಬೆಳಿಗ್ಗೆ 10ರವರೆಗೆ ಬಿಸಿಲು, ನಂತರ ನೆರಳು’ ಎಂದು ಬರೆದೆ.

ನೀರಿನ ಸಾಲು ‘ವಾರಕ್ಕೊಮ್ಮೆ’. ನೆಲದಲ್ಲಿ ನೆಟ್ಟ ಗಿಡಕ್ಕೆ ಒಪ್ಪಬಹುದು, ಬೇಸಿಗೆಯ ಕುಂಡಕ್ಕೆ ಸಾಲದು. ಅದರ ಬದಲು ಹೀಗೆ ಬರೆದಿದ್ದೇನೆ: ‘ಬೆರಳನ್ನು ಮಣ್ಣಿನಲ್ಲಿ ಒಂದಂಗುಲ ಇಳಿಸಿ ನೋಡು. ಒಣಗಿದ್ದರೆ ಕುಂಡದ ತಳದಿಂದ ಹರಿಯುವಷ್ಟು ನೀರು ಹಾಕು. ಮಧ್ಯಾಹ್ನ ಬಾಡಿದ ಎಲೆ ಸಂಜೆಗೆ ಚೇತರಿಸಿಕೊಂಡರೆ ಅದು ಬರೀ ಸೆಕೆ. ಬೆಳಿಗ್ಗೆಯೂ ಜೋತುಬಿದ್ದಿದ್ದರೆ ಮಣ್ಣು ಮುಟ್ಟಿ ನೋಡು. ಒದ್ದೆಯಾಗಿದ್ದರೆ ಬೇರು ಕೊಳೆಯುತ್ತಿರಬಹುದು, ನೀರು ಹಾಕಬೇಡ.’ (ಅಮ್ಮ ಬಾಡಿದ ಗಿಡ ಕಂಡ ತಕ್ಷಣ ಚೊಂಬು ಹಿಡಿಯುವವರು.)

‘ಝೋನ್ 5–9’ ಎಂಬುದನ್ನು ಬಿಟ್ಟಿದ್ದೇನೆ. ಅದು ಚಳಿಗಾಲದ ಕನಿಷ್ಠ ಉಷ್ಣಾಂಶದ ಲೆಕ್ಕ, ಸೆಕೆಯ ಬಗ್ಗೆ ಏನೂ ಹೇಳುವುದಿಲ್ಲ.

ಬಿಸಿ ಪ್ರದೇಶದಲ್ಲಿ ಇದನ್ನು ಬೆಳೆಸಿದವರು ಹೇಳಿ: ಬೆಳಿಗ್ಗೆಯ ಇಷ್ಟೇ ಬಿಸಿಲಿಗೆ ಹೂವು ಬಂದಿತೇ? ಫೋಟೊದಲ್ಲಿ ಹೊಳಪು ಬಿದ್ದು ಮಸುಕಾದ ಕೊನೆಯ ಸಾಲು ಯಾರಿಗಾದರೂ ಓದಲು ಸಿಗುತ್ತದೆಯೇ?