ಸಹಾಯ ಬೇಕು: ಕಾರಿಡಾರ್ ಬಣ್ಣದ ಬಗ್ಗೆ ಸಂಘಕ್ಕೆ ಪತ್ರ

ಎಲ್ಲರಿಗೂ ನಮಸ್ಕಾರ. ನಮ್ಮ ಅಪಾರ್ಟ್‌ಮೆಂಟಿನ ಕಾರಿಡಾರ್ ಮತ್ತು ಮೆಟ್ಟಿಲುಗಳಿಗೆ ಬಣ್ಣ ಬಳಿಸಲು ಸಂಘ ನಿವಾಸಿಗಳ ಸಲಹೆ ಕೇಳಿದೆ. ಅಚ್ಚ ಬಿಳಿಯೇ ಇರಲಿ ಎನ್ನುವವರೇ ಹೆಚ್ಚು. ಅವರು ಲಿಫ್ಟಿನ ಪಕ್ಕದ ಗೋಡೆಯನ್ನೊಮ್ಮೆ ನೋಡಬೇಕು: ಸ್ವಿಚ್ಚಿನ ಸುತ್ತ ಎಣ್ಣೆಗೈ ಗುರುತು, ಅದರ ಕೆಳಗೆ ಸೈಕಲ್ ಹ್ಯಾಂಡಲ್ ಉಜ್ಜಿದ ಕಪ್ಪು ಗೆರೆ.

ನನ್ನ ಕರಡು ಪತ್ರದ ಸಾರ ಇಷ್ಟು:

"ಮಾನ್ಯ ಕಾರ್ಯದರ್ಶಿಗಳೇ, ನೆಲದಿಂದ ನಾಲ್ಕು ಅಡಿಯವರೆಗೆ ಬೂದು ಮಿಶ್ರಿತ ಹಸಿರು, ಅದರ ಮೇಲೆ ತಿಳಿ ಕೆನೆಬಣ್ಣ ಬಳಿಸಬಹುದು. ಕಿಟಕಿಯಿಲ್ಲದ ಕಾರಿಡಾರಿನಲ್ಲಿ ಮೇಲಿನ ತಿಳಿ ಬಣ್ಣ ದೀಪದ ಬೆಳಕನ್ನು ಹರಡುತ್ತದೆ. ಕೆಳಭಾಗಕ್ಕೆ ಒರೆಸಿ ತೊಳೆಯಬಹುದಾದ ಸ್ಯಾಟಿನ್ ಎಮಲ್ಷನ್ ಇರಲಿ. ಹೆಚ್ಚು ಹೊಳಪಿನದು ಬೇಡ, ಗೋಡೆಯ ಉಬ್ಬುತಗ್ಗುಗಳೆಲ್ಲ ಎದ್ದು ಕಾಣುತ್ತವೆ. ಮೇಲಿನ ಮಹಡಿಯ ಮೆಟ್ಟಿಲ ಬಳಿ ಗೋಡೆಯಿಂದ ಬಿಳಿ ಪುಡಿ ಉದುರುತ್ತಿದೆ. ಅದು ತೇವದ ಉಪ್ಪು. ಸೋರಿಕೆ ನಿಲ್ಲಿಸಿ ಗೋಡೆ ಒಣಗಿಸದೆ ಬಳಿದರೆ ಯಾವ ಬಣ್ಣವಾದರೂ ಸಿಪ್ಪೆಯೇಳುತ್ತದೆ. ಮೊದಲು ಎರಡಡಿ ಚೌಕದ ಮಾದರಿ ಬಳಿಸಿ, ಹಗಲಲ್ಲೂ ರಾತ್ರಿ ದೀಪದಲ್ಲೂ ನೋಡಿ ನಿರ್ಧರಿಸೋಣ."

ಎರಡು ಬಣ್ಣವೆಂದರೆ ಕೂಲಿ ಹೆಚ್ಚು ಎಂದು ಖಜಾಂಚಿಯವರು ತಕರಾರು ತೆಗೆಯುವುದು ಖಚಿತ. ಇದಕ್ಕೆ ಚುಟುಕಾದ ಉತ್ತರ ಹೇಗೆ ಬರೆಯಲಿ? ಹಳದಿ ಎಲ್‌ಇಡಿ ಬೆಳಕಿನಲ್ಲಿ ಇಂಥ ಹಸಿರು ಕೆಸರಿನಂತೆ ಕಾಣುತ್ತದೆಯೇ? ನಿಮ್ಮಲ್ಲಿ ಬಳಿಸಿದ್ದರೆ ದಯವಿಟ್ಟು ಚಿತ್ರ ಹಾಕಿ.